ಫೋಟೊದಲ್ಲಿ ಕಾಣದ ಬುಡ

ಪ್ರಶ್ನೆ: ನಾಲ್ಕು ದಿನ ಮಳೆ ಹೊಡೆದ ಮೇಲೆ ನಮ್ಮ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಬಿಳಿ ಅಣಬೆ ಎದ್ದಿವೆ. ಕೊಯ್ದು ಬಾಳೆಲೆ ಮೇಲಿಟ್ಟು ತೆಗೆದ ಫೋಟೊ ಕಳಿಸಿದ್ದೇನೆ. ಹುತ್ತದ ಅಣಬೆಯೇ ಇರಬೇಕು. ತಿನ್ನಬಹುದೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ತಿನ್ನಬೇಡಿ. ಇದು ವಿಷದ್ದೇ ಎಂದು ಹೇಳುತ್ತಿಲ್ಲ. ತೀರ್ಮಾನಕ್ಕೆ ಬೇಕಾದ ಭಾಗ ನಿಮ್ಮ ಫೋಟೊದಲ್ಲಿಲ್ಲ, ಅಷ್ಟೆ.

ನೀವು ದಂಟನ್ನು ನೆಲಮಟ್ಟಕ್ಕೆ ಕೊಯ್ದಿದ್ದೀರಿ. ಹುತ್ತದ ಅಣಬೆಯ ದಂಟು ಮಣ್ಣಿನೊಳಗೆ ಬೇರಿನಂತೆ ಉದ್ದಕ್ಕೆ ಇಳಿದು ಗೆದ್ದಲಿನ ಗೂಡು ಮುಟ್ಟುತ್ತದೆ. ಮಾರಕ ವಿಷವಿರುವ ಅಮಾನಿಟಾ ಜಾತಿಗಳಲ್ಲಿ ಬುಡ ಉಬ್ಬಿ, ಅದರ ಸುತ್ತ ಹರಿದ ಚೀಲದಂಥ ಪೊರೆ ಇರುತ್ತದೆ. ಎರಡೂ ಗುರುತು ಈಗ ನಿಮ್ಮ ಬೆಟ್ಟದ ಮಣ್ಣಿನಲ್ಲೇ ಉಳಿದಿವೆ. ಕೊಡೆಯ ನಡುವಿನ ಮೊನೆ ನೋಡಿ ಹುತ್ತದ್ದೆಂದು ನಂಬುವವರಿದ್ದಾರೆ. ಎಳೆಯ ಅಣಬೆಯಲ್ಲಿ ಆ ಗುರುತನ್ನು ನೆಚ್ಚಲಾಗದು.

ಬೀಜಕದ ಬಣ್ಣ ನೋಡುವ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಲಿತ ಕೊಡೆಯನ್ನು ಪದರ ಕೆಳಗಾಗುವಂತೆ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಉದುರಿದ ಪುಡಿ ಹಸಿರಾಗಿದ್ದರೆ ಅದು ತೋಟ, ಹುಲ್ಲುಗಾವಲಲ್ಲಿ ಏಳುವ, ವಾಂತಿ ಭೇದಿ ತರುವ ಕ್ಲೋರೊಫಿಲಮ್. ಎಳೆಯದಿದ್ದಾಗ ಅದರ ಪದರವೂ ಬಿಳಿಯೇ, ಮೋಸ ಹೋಗುವುದು ಅಲ್ಲೇ. ಬಿಳಿ ಪುಡಿ ಬಿದ್ದರೆ ಅಮಾನಿಟಾದ ಅನುಮಾನ ಹೋಗಲಿಲ್ಲ. ನಸುಗೆಂಪು ಬಿದ್ದರೆ ಹುತ್ತದ ಅಣಬೆಗೆ ಹೊಂದುತ್ತದೆ, ಆದರೆ ಆ ಬಣ್ಣದ ವಿಷದ ಅಣಬೆಗಳೂ ಇವೆ. ಅಂದರೆ ಈ ಪರೀಕ್ಷೆ 'ಬೇಡ' ಎನ್ನಬಲ್ಲದು, 'ತಿನ್ನಿ' ಎನ್ನಲಾರದು. ಅದಲ್ಲದೆ ಒಂದು ಅಣಬೆಗೆ ಸಿಕ್ಕ ಉತ್ತರ ಬುಟ್ಟಿಯಲ್ಲಿರುವ ಉಳಿದವಕ್ಕೆ ಅನ್ವಯಿಸದು. ಒಂದೇ ಜಾಗದಲ್ಲಿ ಎರಡು ಜಾತಿ ಏಳುವುದುಂಟು.

ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಹುಳ ತಿಂದಿದೆ ಎಂಬ ಮಾತುಗಳನ್ನು ಬಿಟ್ಟುಬಿಡಿ. ಅಮಾನಿಟಾದ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಯಾರಾದರೂ ಈಗಾಗಲೇ ತಿಂದಿದ್ದರೆ ಗಡಿಯಾರ ನೋಡಿ. ಒಂದೆರಡು ಗಂಟೆಯಲ್ಲೇ ವಾಂತಿ ಶುರುವಾದರೆ ಹೆಚ್ಚಾಗಿ ಹೊಟ್ಟೆ ಕೆಡಿಸುವ ಜಾತಿ, ಆದರೂ ವೈದ್ಯರು ನೋಡಬೇಕು. ಆರು ಗಂಟೆ ಕಳೆದು, ಕೆಲವೊಮ್ಮೆ ಮರುದಿನ, ವಾಂತಿ ಭೇದಿ ಶುರುವಾದರೆ ಯಕೃತ್ತಿಗೆ ಅಪಾಯ. ಎರಡನೇ ದಿನ ಹೊಟ್ಟೆನೋವು ತಗ್ಗಿ ಗುಣವಾದಂತೆ ಕಾಣುತ್ತದೆ. ಒಳಗೆ ಯಕೃತ್ತು ಹಾಳಾಗುತ್ತಿರುವುದು ಆ ಹೊತ್ತಿಗೇ. ಹಾಗಾಗಿ ವಾಂತಿಗೆ ಕಾಯದೆ, ಆ ಪಲ್ಯ ತಿಂದವರೆಲ್ಲ ದೊಡ್ಡ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿ. ಉಳಿದ ಅಣಬೆಯನ್ನು ಪ್ಲಾಸ್ಟಿಕ್‌ನಲ್ಲಿ ಹಾಕಿದರೆ ಕೊಳೆಯುತ್ತದೆ, ಕಾಗದದಲ್ಲಿ ಸುತ್ತಿ ಒಯ್ಯಿರಿ. ಬೆಟ್ಟದಲ್ಲಿ ಇನ್ನೂ ಇದ್ದರೆ ಒಂದನ್ನು ಬುಡಸಮೇತ ಅಗೆದು ತರಿಸಿ. ತಿಂದ ಹೊತ್ತು, ಮೊದಲ ವಾಂತಿಯ ಹೊತ್ತು ಎರಡನ್ನೂ ಬರೆದು ವೈದ್ಯರ ಕೈಗೆ ಕೊಡಿ.