ಯಂತ್ರ ಮಾಡಿದ ಅನುವಾದದ ಇಮೇಲ್ ತಿದ್ದುವುದು ಹೇಗೆ?

"ಡೀಲರುಗಳಿಗೆ ಬಾಕಿ ಕೇಳುವ ಇಂಗ್ಲಿಷ್ ಇಮೇಲನ್ನು ಆನ್‌ಲೈನ್‌ನಲ್ಲಿ ಕನ್ನಡಕ್ಕೆ ಮಾಡಿಸಿದೆ. ಸುತ್ತೋಲೆ ಥರ ಬಿಗಿಯಾಗಿದೆ, 'ಅತ್ಯುತ್ತಮ ಸಮತೋಲನ' ಅಂತೆಲ್ಲ ಬಂದಿದೆ. ಎಲ್ಲಿಂದ ತಿದ್ದಲಿ?"

ಮೊದಲು ಲೆಕ್ಕದ ಪದಗಳನ್ನು ತಿದ್ದಿ, ವಾಕ್ಯಗಳನ್ನು ಆಮೇಲೆ ನೋಡಿ. ವಾಕ್ಯ ಬಿಗಿಯಾಗಿದ್ದರೂ ಅರ್ಥವಾಗುತ್ತದೆ, ಆದರೆ ತಪ್ಪು ಪದದಿಂದ ಲೆಕ್ಕವೇ ತಲೆಕೆಳಗಾಗುತ್ತದೆ. ಇಂಗ್ಲಿಷ್ ಮೂಲ ಪಕ್ಕದಲ್ಲೇ ಇರಲಿ. ಕನ್ನಡ ಪ್ರತಿಯೊಂದನ್ನೇ ನೋಡಿ ಊಹಿಸಿದರೆ ಒಂದು ತಪ್ಪಿನ ಜಾಗಕ್ಕೆ ಇನ್ನೊಂದು ಬರುತ್ತದೆ.

ನಿಮ್ಮ 'ಅತ್ಯುತ್ತಮ ಸಮತೋಲನ'ದ ಮೂಲ 'ಔಟ್‌ಸ್ಟ್ಯಾಂಡಿಂಗ್ ಬ್ಯಾಲೆನ್ಸ್', ಅಂದರೆ ಬಾಕಿ ಮೊತ್ತ. ಎರಡೂ ಪದಕ್ಕೆ ಹಲವು ಅರ್ಥಗಳಿವೆ, ಯಂತ್ರ ಲೆಕ್ಕಕ್ಕೆ ಸಂಬಂಧವಿಲ್ಲದ ಅರ್ಥ ಹಿಡಿದಿದೆ. ಇದನ್ನು ಓದಿದ ತಕ್ಷಣ ತಪ್ಪೆಂದು ಗೊತ್ತಾಗುತ್ತದೆ, ಹಾಗಾಗಿ ಅಪಾಯ ಕಡಿಮೆ. ಸರಿಯಾಗಿಯೇ ಕಾಣುವ ತಪ್ಪುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. 'ಕ್ರೆಡಿಟ್ ನೋಟ್' 'ಸಾಲದ ಟಿಪ್ಪಣಿ' ಆದರೆ, ಬಾಕಿಯಿಂದ ಕಳೆಯಬೇಕಾದ ಹಣವನ್ನು ಡೀಲರ್ ತಮ್ಮ ಮೇಲಿನ ಹೊಸ ಸಾಲ ಎಂದುಕೊಳ್ಳುತ್ತಾರೆ. 'ನೆಟ್ 30' ಎಂಬುದು 'ನಿವ್ವಳ 30' ಆದರೆ ಯಾರಿಗೂ ತಿಳಿಯುವುದಿಲ್ಲ. ಬಿಲ್ ದಿನಾಂಕದಿಂದ 30 ದಿನದೊಳಗೆ ಎಂದೇ ಬರೆಯಿರಿ. ಬಿಲ್, ಕ್ರೆಡಿಟ್ ನೋಟ್, ಸ್ಟೇಟ್‌ಮೆಂಟ್ ಹಾಗೇ ಇರಲಿ. ಅಂಗಡಿಯಲ್ಲಿ ಆಡುವ ಮಾತು ಅದೇ, 'ಸರಕುಪಟ್ಟಿ' ಅಲ್ಲ.

ಮೊತ್ತವನ್ನೂ ನೋಡಿ. ಮೂಲದಲ್ಲಿ 1,250,000 ಇದ್ದರೆ 12,50,000 ಮಾಡಿ.

ಇನ್ನು ವಾಕ್ಯ. 'ಈ ಇಮೇಲ್ ನಿಮ್ಮನ್ನು ಚೆನ್ನಾಗಿ ಕಂಡುಕೊಳ್ಳುತ್ತದೆ ಎಂದು ಭಾವಿಸುತ್ತೇವೆ' ಎಂಬಂಥದ್ದನ್ನು ತಿದ್ದುತ್ತಾ ಕೂರಬೇಡಿ, ಅಳಿಸಿ ನಮಸ್ಕಾರ ಎನ್ನಿ. 'ಪಾವತಿಸಲ್ಪಟ್ಟಿಲ್ಲ', 'ಲಗತ್ತಿಸಲಾಗಿರುತ್ತದೆ' ಬಂದಲ್ಲೆಲ್ಲ ಯಾರು ಏನು ಮಾಡಿದರು ಎಂದು ಕೇಳಿಕೊಂಡು ಹಾಗೇ ಬರೆಯಿರಿ. ಸಾಲುಸಾಲಿಗೂ ಬರುವ 'ದಯವಿಟ್ಟು' ಒಂದೇ ಸಲ ಸಾಕು. 'ಪಾವತಿಸಿ' ಎಂಬ ಬಹುವಚನದಲ್ಲೇ ಗೌರವವಿದೆ.

ಇಷ್ಟು ಮಾಡಿದರೆ ಇಮೇಲ್ ಹೀಗಿರುತ್ತದೆ:

"ನಮಸ್ಕಾರ. ಏಪ್ರಿಲ್ 10ರ ಬಿಲ್ಲಿನ ಮೊತ್ತ ₹84,500. ನೀವು ವಾಪಸ್ ಕಳಿಸಿದ ಮಾಲಿಗೆ ₹4,500ರ ಕ್ರೆಡಿಟ್ ನೋಟ್ ಕೊಟ್ಟಿದ್ದೇವೆ. ಉಳಿದ ಬಾಕಿ ₹80,000. ಇದರ 30 ದಿನದ ಗಡುವು ಮೇ 10ಕ್ಕೆ ಮುಗಿದಿದೆ. ದಯವಿಟ್ಟು ಮೇ 25ರೊಳಗೆ ಪಾವತಿಸಿ. ಸ್ಟೇಟ್‌ಮೆಂಟ್ ಜೊತೆಗಿದೆ, ಲೆಕ್ಕದಲ್ಲಿ ವ್ಯತ್ಯಾಸವಿದ್ದರೆ ತಿಳಿಸಿ."

ಕಳಿಸುವ ಮುನ್ನ ಇದನ್ನು ಫೋನಿನಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಓದಿ. ನಾಲಿಗೆ ಎಡವಿದ ಕಡೆ ಇಂಗ್ಲಿಷಿನ ಪದಕ್ರಮ ಇನ್ನೂ ಉಳಿದಿರುತ್ತದೆ. ಹಾಗೆಯೇ ಮೂಲದ ಕೊನೆಯಲ್ಲಿ 'ವಿದೌಟ್ ಪ್ರೆಜುಡೀಸ್' ಇದೆಯೇ ನೋಡಿ. ಯಂತ್ರ ಅದನ್ನು 'ಪೂರ್ವಾಗ್ರಹವಿಲ್ಲದೆ' ಮಾಡಬಹುದು, ಆದರೆ ಅದು ನಮ್ಮ ಕಾನೂನು ಹಕ್ಕುಗಳನ್ನು ಬಿಟ್ಟುಕೊಡುತ್ತಿಲ್ಲ ಎಂಬ ಅರ್ಥದ ಮಾತು. ಆ ಒಂದು ಸಾಲನ್ನು ವಕೀಲರಿಂದಲೇ ಬರೆಸಿ.