ಒಂದೇ ಸ್ಟ್ರೈಕಿನ ಕಾಲ್ ದುಬಾರಿ, ಪುಟ್ ಅಗ್ಗ ಎಂದು ಕಂಡಾಗ

“ನಿಫ್ಟಿ 25,000ದಲ್ಲಿದೆ. ತಿಂಗಳ ಎಕ್ಸ್‌ಪೈರಿಗೆ 30 ದಿನ ಇದೆ. 25,000ದ ಕಾಲ್‌ 410, ಅದೇ ಸ್ಟ್ರೈಕಿನ ಪುಟ್‌ 280. ಕಾಲ್ ಮಾರಿ ಪುಟ್ ಕೊಂಡರೆ 130 ಪಾಯಿಂಟ್ ಪುಕ್ಕಟೆ ಅಲ್ಲವೇ? ಫ್ಯೂಚರ್ 25,134 ತೋರಿಸುತ್ತಿದೆ.”

ಪುಕ್ಕಟೆಯಲ್ಲ, ಸರ್. ಕಾಲ್ ಮಾರಿ ಪುಟ್ ಕೊಂಡೊಡನೆ ನೀವು ಫ್ಯೂಚರನ್ನು ಮುಟ್ಟದೆಯೇ 25,130ಕ್ಕೆ ಫ್ಯೂಚರ್ ಮಾರಿದಂತಾಗುತ್ತದೆ. ಎಕ್ಸ್‌ಪೈರಿಯಂದು ನಿಫ್ಟಿ 25,500ರಲ್ಲಿ ನಿಂತರೆ ಮಾರಿದ ಕಾಲ್‌ಗೆ 500 ಕೊಡಬೇಕು, ಕೊಂಡ ಪುಟ್ ಸೊನ್ನೆಯಾಗುತ್ತದೆ. ಕೈಗೆ ಬಂದಿದ್ದ 130 ಕಳೆದರೂ 370 ಪಾಯಿಂಟ್ ನಷ್ಟ. 24,700ರಲ್ಲಿ ನಿಂತರೆ ಪುಟ್‌ನಿಂದ ಬರುವ 300 ಸೇರಿ 430 ಲಾಭ. 25,130ಕ್ಕೆ ಫ್ಯೂಚರ್ ಮಾರಿದವರಿಗೂ ಇದೇ ಲೆಕ್ಕ ಬರುತ್ತದೆ.

ಕಾಲ್ ಮತ್ತು ಪುಟ್ ಬೆಲೆಗಳ ವ್ಯತ್ಯಾಸಕ್ಕೆ ಬಡ್ಡಿಯೇ ಕಾರಣವೆಂದು ಕೆಲವರು ಹೇಳುವುದು ಅರ್ಧ ಸರಿ. ಎಕ್ಸ್‌ಪೈರಿಯೊಳಗೆ ಬರಲಿರುವ ಡಿವಿಡೆಂಡ್ ಆ ಬಡ್ಡಿಯಿಂದ ಕಳೆಯಬೇಕು, ಮಾರುಕಟ್ಟೆಯ ಬೇಡಿಕೆಯೂ ಅದರಲ್ಲಿ ಸೇರಿರುತ್ತದೆ. ಇವೆಲ್ಲವೂ ಅದೇ ಎಕ್ಸ್‌ಪೈರಿಯ ಫ್ಯೂಚರ್ ಬೆಲೆಯಲ್ಲಿ ಆಗಲೇ ಅಡಗಿರುವುದರಿಂದ, ಸ್ಪಾಟ್ ಬಿಟ್ಟು ಫ್ಯೂಚರ್ ಹಿಡಿದೇ ಲೆಕ್ಕ ಹಾಕಿ:

```
C - P = (F - K) / (1 + r × t)
```

ಇಲ್ಲಿ C ಕಾಲ್ ಬೆಲೆ, P ಪುಟ್ ಬೆಲೆ, F ಫ್ಯೂಚರ್ ಬೆಲೆ, K ಸ್ಟ್ರೈಕ್, r ವಾರ್ಷಿಕ ಬಡ್ಡಿ, t ಎಕ್ಸ್‌ಪೈರಿಗೆ ಉಳಿದ ಅವಧಿ, ವರ್ಷದ ಲೆಕ್ಕದಲ್ಲಿ. ಬಡ್ಡಿ 6.5 ಶೇಕಡಾ ಎಂದುಕೊಂಡರೆ ನಿಮ್ಮ ಸ್ಟ್ರೈಕಿಗೆ ಸುಮಾರು 133 ಬರಬೇಕು, ಇರುವುದು 130. ಆ ಮೂರು ಪಾಯಿಂಟಿಗಾಗಿ ಕಾಲ್ ಕೊಂಡು, ಪುಟ್ ಮಾರಿ, ಫ್ಯೂಚರ್ ಮಾರಬೇಕು. ನೀವು ಯೋಚಿಸಿದ್ದು ಇದಕ್ಕೆ ತದ್ವಿರುದ್ಧ ದಿಕ್ಕು. ಮೂರೂ ಕಡೆ ಬಿಡ್ ಮತ್ತು ಆಸ್ಕ್ ನಡುವಿನ ಅಂತರ, ಬ್ರೋಕರೇಜ್, ಮಾರಾಟದ ಮೇಲಿನ ಎಸ್‌ಟಿಟಿ ಕಳೆದರೆ ಏನೂ ಉಳಿಯದು.

ದೂರದ ಸ್ಟ್ರೈಕುಗಳಲ್ಲಿ ಕಣ್ಣು ಇನ್ನೂ ಸುಲಭವಾಗಿ ಮೋಸ ಹೋಗುತ್ತದೆ. 23,000ದ ಕಾಲ್‌ನ ಕೊನೆಯ ವಹಿವಾಟು 2,180, ಪುಟ್ 38 ಎಂದು ಇದ್ದರೆ ವ್ಯತ್ಯಾಸ 2,142. ಸೂತ್ರದ ಪ್ರಕಾರ ಸುಮಾರು 2,123 ಇರಬೇಕು. 19 ಪಾಯಿಂಟ್ ಹೆಚ್ಚಿದೆಯೆಂದು ಹಿಗ್ಗುವ ಮೊದಲು ಆ 2,180 ಯಾವ ಹೊತ್ತಿನ ವಹಿವಾಟು ಎಂದು ನೋಡಿ. ಬೆಳಿಗ್ಗೆ ನಿಫ್ಟಿ ಮೇಲಿದ್ದಾಗ ಆದದ್ದಾಗಿರಬಹುದು. ಈಗಿನ ಬಿಡ್ 2,105 ಮಾತ್ರವಿದ್ದರೆ, 39ಕ್ಕೆ ಪುಟ್ ಕೊಂಡ ಮೇಲೆ ನಿಮಗೆ ಸಿಗುವುದು 2,066. ಲಾಭವೆಂದು ಕಂಡದ್ದು 57 ಪಾಯಿಂಟ್ ನಷ್ಟವಾಯಿತು. ಆದ್ದರಿಂದ ಮಾರುವುದಕ್ಕೆ ಬಿಡ್, ಕೊಳ್ಳುವುದಕ್ಕೆ ಆಸ್ಕ್ ಹಿಡಿದೇ ಲೆಕ್ಕ ಹಾಕಬೇಕು, ಕೊನೆಯ ವಹಿವಾಟಿನ ಬೆಲೆಯನ್ನು ನಂಬಬಾರದು.

ತಮ್ಮ ಷೇರಿನಲ್ಲಿ ಕಾಲ್ ಮತ್ತು ಪುಟ್ ಸೇರಿಸಿ ಕಟ್ಟಿದ ಫ್ಯೂಚರ್ ಸ್ಪಾಟ್‌ಗಿಂತ 6 ರೂಪಾಯಿ ಕಡಿಮೆ ಇದೆ ಎಂದು ಬರೆದ ಇನ್ನೊಬ್ಬರ ವಿಷಯ ಬೇರೆ. ಎಕ್ಸ್‌ಪೈರಿಯೊಳಗೆ ಡಿವಿಡೆಂಡ್ ದಿನವಿದೆಯೇ ಎಂದು ಮೊದಲು ನೋಡಿ, ಏಕೆಂದರೆ ಷೇರು ಇಟ್ಟವರಿಗೆ ಸಿಗುವ ಆ ಹಣ, ಕಾಲ್ ಕೊಂಡು ಪುಟ್ ಮಾರಿದ ಈ ಜೋಡಿ ಹಿಡಿದವರಿಗೆ ಸಿಗುವುದಿಲ್ಲ. ಡಿವಿಡೆಂಡ್ ಇಲ್ಲವೆಂದಾದರೂ, ಅಂತರವನ್ನು ಗಳಿಸಲು ಈ ಜೋಡಿ ಹಿಡಿಯುವುದರ ಜೊತೆಗೆ ಷೇರನ್ನೇ ಎರವಲು ತಂದು ಮಾರಬೇಕು. ಎರವಲು ಸಿಗದಿದ್ದರೆ ಅಂತರ ದಿನಗಟ್ಟಲೆ ಹಾಗೆಯೇ ಉಳಿಯುತ್ತದೆ. ನಿಮ್ಮಲ್ಲಿ ಷೇರು ಆಗಲೇ ಇದ್ದರೆ ಅದನ್ನು ಮಾರಿ ಈ ಜೋಡಿ ಹಿಡಿಯುವ ದಾರಿಯಿದೆ, ಆದರೆ ಷೇರು ಮಾರಿದ್ದರ ತೆರಿಗೆ ಆ 6 ರೂಪಾಯಿಯನ್ನು ನುಂಗುತ್ತದೆಯೇ ಎಂಬುದು ನೀವು ಅದನ್ನು ಯಾವಾಗ, ಎಷ್ಟಕ್ಕೆ ಕೊಂಡಿರಿ ಎಂಬುದರ ಮೇಲಿದೆ. ಅದನ್ನು ತಿಳಿಸಿದರೆ ಕೂತು ಲೆಕ್ಕ ಹಾಕೋಣ.