ಸ್ಯಾಂಡ್‌ವಿಚ್ ಸೋರದಂತೆ ಮಾಡೋದು

"ಮನೇಲಿ ಸ್ಯಾಂಡ್‌ವಿಚ್ ಮೇಕರ್‌ನಲ್ಲಿ ಟೊಮೆಟೊ, ಆಲೂಗಡ್ಡೆ ಪಲ್ಯ ಇಟ್ಟು ಮಾಡಿದ್ರೆ ಅಂಚಿಂದ ಸೋರುತ್ತೆ, ಬ್ರೆಡ್ ಒಳಗೆ ಮೆತ್ತಗಾಗುತ್ತೆ. ಎಷ್ಟು ನಿಮಿಷ ಇಡಬೇಕು?"

ನಿಮಿಷಕ್ಕಿಂತ ಮೊದಲು ನೀರಿನ ಕಡೆ ನೋಡಿ ಮೇಡಂ. ನಮ್ಮ ಮೈಸೂರು, ಮಂಡ್ಯದ ಕಡೆ ಸಿಗೋ ನಾಟಿ ಟೊಮೆಟೊ ಸಾರಿಗೆ ಚೆನ್ನ, ಇದಕ್ಕೆ ರಸ ಜಾಸ್ತಿ. ಗಟ್ಟಿ ಫಾರಂ ಟೊಮೆಟೊ ತಗೊಂಡು, ಬೀಜದ ತಿರುಳು ತೆಗೆದು, ತೆಳ್ಳಗೆ ಹೆಚ್ಚಿ ಬಟ್ಟೆ ಮೇಲೆ ಹರಡಿ. ಉಪ್ಪನ್ನು ಮೊದಲೇ ಹಾಕಬೇಡಿ, ನೀರು ಬಿಟ್ಟುಕೊಳ್ಳುತ್ತೆ. ಮುಚ್ಚೋ ಮುಂಚೆ ಉದುರಿಸಿದರೆ ಸಾಕು.

ಪಲ್ಯ ದೋಸೆಗೆ ಮಾಡೋ ಹಾಗೆ ಸಡಿಲ ಇರಬಾರದು. ಬಾಣಲೆಯ ತಳ ಬಿಡೋವರೆಗೆ ಹುರಿದು, ಪೂರ್ತಿ ಆರಿಸಿ. ಬಿಸಿ ಪಲ್ಯದ ಹಬೆಯೇ ಬ್ರೆಡ್ಡನ್ನು ಒದ್ದೆ ಮಾಡೋದು.

ಎರಡೂ ಬ್ರೆಡ್‌ನ ಒಳಮೈಗೆ ತೆಳ್ಳಗೆ ಬೆಣ್ಣೆ ಸವರಿ, ಮಧ್ಯಕ್ಕೆ ಎರಡು ಚಮಚದಷ್ಟೇ ಪಲ್ಯ, ಅದರ ಮೇಲೆ ಟೊಮೆಟೊ. ಸುತ್ತ ಒಂದು ಬೆರಳಗಲ ಖಾಲಿ ಇರಲಿ. ಚೀಸ್ ಹಾಕೋದಾದರೆ ಅದೂ ಆ ಗೆರೆ ದಾಟಬಾರದು, ಕರಗಿದಾಗ ಹರಡುತ್ತೆ. ಮುಚ್ಚಳ ಒತ್ತಿ ಹಿಡಿದರೆ ಮಾತ್ರ ಕೊಂಡಿ ಬೀಳುತ್ತೆ ಅಂದರೆ ಹೂರಣ ಜಾಸ್ತಿಯಾಗಿದೆ, ಸ್ವಲ್ಪ ತೆಗೆದುಬಿಡಿ.

ಪ್ಲೇಟು ಚೆನ್ನಾಗಿ ಕಾದು ಸೂಚನೆ ದೀಪ ಬದಲಾದ ಮೇಲೆಯೇ ಇಡಿ. ಸಾಮಾನ್ಯವಾಗಿ ನಾಲ್ಕರಿಂದ ಐದು ನಿಮಿಷ. ಮೊದಲ ಮೂರು ನಿಮಿಷ ತೆಗೀಬೇಡಿ, ಅಂಟಿಕೊಂಡ ಬ್ರೆಡ್ ಹರಿದು ಅಲ್ಲಿಂದಲೇ ಸೋರುತ್ತೆ. ಅಂಚಿನಿಂದ ಬರೋ ಹಬೆ ಕಮ್ಮಿಯಾದಾಗ ತೆಗೆದು ನೋಡಿ. ತೆಗೆದದ್ದನ್ನು ತಟ್ಟೆಗಲ್ಲ, ಜಾಲರಿ ಮೇಲೆ ಒಂದು ನಿಮಿಷ ಇಟ್ಟು ಆಮೇಲೆ ಕತ್ತರಿಸಿ.